ಆ 4.76 ಮಿಲಿಮೀಟರ್!

ಒಂದು ಪಂದ್ಯ ಕಟ್ಟೋಣವೇ?

ನಿಮ್ಮ ಮುಂದೆ ಹಳೆಯ ಜಾವಾ ಬೈಕೊಂದು ನಿಂತಿದೆ ಎಂದುಕೊಳ್ಳಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ್ದು, 250 ಸಿಸಿ, ಒಂದೇ ಸಿಲಿಂಡರ್. ಅದರ ಪಿಸ್ಟನ್ ಮೇಲ್ತುದಿಯಿಂದ ಕೆಳತುದಿಗೆ ಇಳಿಯುವ ದೂರ 75 ಮಿಲಿಮೀಟರ್. ಅಷ್ಟು ಇಳಿಯುವುದರೊಳಗೆ ಕ್ರ್ಯಾಂಕ್ ಅರ್ಧ ಸುತ್ತು ತಿರುಗಿರುತ್ತದೆ.

ಈಗ ಪ್ರಶ್ನೆ. ಪಿಸ್ಟನ್ ಮೇಲ್ತುದಿಯಲ್ಲಿದ್ದಾಗ ಶುರುಮಾಡಿ ಕ್ರ್ಯಾಂಕನ್ನು ಕಾಲು ಸುತ್ತು ಮಾತ್ರ ತಿರುಗಿಸಿದೆವು. ಸರಿಯಾಗಿ 90 ಡಿಗ್ರಿ. ಪಿಸ್ಟನ್ ಈಗ ಎಲ್ಲಿದೆ?

"ಇದೇನು ಕೇಳುವ ಮಾತೇ? ಅರ್ಧ ಸುತ್ತಿಗೆ 75 ಆದರೆ ಕಾಲು ಸುತ್ತಿಗೆ 37.5!" ಅಂದಿರಾ?

ತಪ್ಪು!

ಪಿಸ್ಟನ್ ಅರ್ಧದಾರಿಯನ್ನು ಆಗಲೇ ದಾಟಿಬಿಟ್ಟಿದೆ! ಅದು ಇಳಿದಿರುವುದು 42.26 ಮಿಲಿಮೀಟರ್. ನಡುವಿನ ಗೆರೆಗಿಂತ 4.76 ಮಿಲಿಮೀಟರ್ ಕೆಳಗೆ! ಈ ಪುಟ್ಟ ಅಂಕಿಯನ್ನು ನೆನಪಿನಲ್ಲಿಟ್ಟುಕೊಳ್ಳಿ. ಇದು ಮತ್ತೆ ಬರುತ್ತದೆ, ಬೇರೆಯದೇ ವೇಷದಲ್ಲಿ.

ನಂಬಿಕೆ ಬರುತ್ತಿಲ್ಲವೇ? ಎಂಜಿನ್ ಬಿಚ್ಚಬೇಕಾಗಿಲ್ಲ. ಒಂದು ಎ4 ಹಾಳೆ ಸಾಕು! ಹಾಳೆಯ ಉದ್ದಕ್ಕೂ ನೇರ ಗೆರೆ ಎಳೆಯಿರಿ. ಗೆರೆಯ ಕೆಳಭಾಗದಲ್ಲಿ ಒಂದು ಬಿಂದು ಹಿಡಿದು 3.75 ಸೆಂಟಿಮೀಟರ್ ತ್ರಿಜ್ಯದ ವೃತ್ತ ಬಿಡಿಸಿ. ಅದು ನಿಮ್ಮ ಕ್ರ್ಯಾಂಕ್. ರಟ್ಟಿನ ಪಟ್ಟಿಯಲ್ಲಿ 15 ಸೆಂಟಿಮೀಟರ್ ಅಂತರಕ್ಕೆ ಎರಡು ತೂತು ಮಾಡಿ. ಅದು ಕನೆಕ್ಟಿಂಗ್ ರಾಡ್. (ರಾಡಿನ ಉದ್ದ ಕ್ರ್ಯಾಂಕಿನ ನಾಲ್ಕು ಪಟ್ಟು ಎಂದು ನಾನು ಲೆಕ್ಕಕ್ಕಾಗಿ ಇಟ್ಟುಕೊಂಡದ್ದು. ಬಹಳಷ್ಟು ಎಂಜಿನ್‌ಗಳಲ್ಲಿ ಅದು ಇದರ ಆಸುಪಾಸಿನಲ್ಲೇ ಇರುತ್ತದೆ.)

ಈಗ ಪಟ್ಟಿಯ ಒಂದು ತೂತನ್ನು ವೃತ್ತದ ನೆತ್ತಿಯ ಮೇಲಿಡಿ. ಇನ್ನೊಂದು ತೂತು ನೇರ ಗೆರೆಯ ಮೇಲೆ ಎಲ್ಲಿ ಕೂರುತ್ತದೋ ಅಲ್ಲಿ ಗುರುತು ಹಾಕಿ. ನಂತರ ಕೆಳಗಿನ ತೂತನ್ನು ವೃತ್ತದ ಬಲಬದಿಗೆ, ಗಡಿಯಾರದಲ್ಲಿ ಮೂರು ಗಂಟೆ ಇರುವ ಜಾಗಕ್ಕೆ ಸರಿಸಿ. ಮೇಲಿನ ತೂತು ಗೆರೆಯನ್ನು ಬಿಡಬಾರದು. ಎರಡು ಗುರುತುಗಳ ನಡುವೆ ಸ್ಕೇಲ್ ಇಡಿ. ನಾಲ್ಕು ಸೆಂಟಿಮೀಟರ್ ದಾಟಿತೇ? ದಾಟಿತು!

ಹೇಗೆ? ಇಲ್ಲಿದೆ ಗುಟ್ಟು. ಪಿಸ್ಟನ್ನನ್ನು ಕೆಳಗೆ ಎಳೆಯುತ್ತಿರುವುದು ಒಂದಲ್ಲ, ಎರಡು ಚಲನೆ! ಕ್ರ್ಯಾಂಕ್‌ಪಿನ್ ಕೆಳಗಿಳಿಯುತ್ತಿದೆ, ಅದು ಮೊದಲನೆಯದು. ಜೊತೆಗೆ ರಾಡ್ ಪಕ್ಕಕ್ಕೆ ವಾಲುತ್ತಿದೆ. ಗೋಡೆಗೆ ಒರಗಿಸಿದ ಏಣಿಯ ಬುಡವನ್ನು ಈಚೆಗೆ ಎಳೆದರೆ ಅದರ ತಲೆ ಕೆಳಗೆ ಜಾರುತ್ತದಲ್ಲ, ಹಾಗೆ! ಕಾಲು ಸುತ್ತು ಮುಗಿದಾಗ ಕ್ರ್ಯಾಂಕ್‌ಪಿನ್ 37.5 ಇಳಿಸಿದೆ, ರಾಡಿನ ವಾಲು 4.76 ಸೇರಿಸಿದೆ.

ಮುಂದಿನ ಕಾಲು ಸುತ್ತಿನಲ್ಲಿ? ಕ್ರ್ಯಾಂಕ್‌ಪಿನ್ ಮತ್ತೆ 37.5 ಇಳಿಸುತ್ತದೆ. ಆದರೆ ರಾಡ್ ಈಗ ನೆಟ್ಟಗಾಗುತ್ತಿದೆ, ಏಣಿಯ ತಲೆ ಮೇಲೇರುತ್ತಿದೆ! ಮೊದಲು ಕೊಟ್ಟ 4.76 ಅನ್ನು ಅದು ಇಲ್ಲಿ ವಾಪಸು ಪಡೆಯುತ್ತದೆ. ಮೊದಲಾರ್ಧದಲ್ಲಿ ಕೂಡುವುದು, ಎರಡನೆಯ ಅರ್ಧದಲ್ಲಿ ಕಳೆಯುವುದು. ಇಷ್ಟೇ! ಇಡೀ ಕತೆ ಇಷ್ಟರಿಂದಲೇ ಹುಟ್ಟುತ್ತದೆ.

ಈಗ ಎಂಜಿನ್ ಚಾಲೂ ಮಾಡೋಣ. ನಿಮಿಷಕ್ಕೆ 5000 ಸುತ್ತು. ಒಂದು ಸುತ್ತಿಗೆ ಸಿಗುವ ಕಾಲ ಸೆಕೆಂಡಿನ ಸಾವಿರದಲ್ಲಿ 12 ಪಾಲು, ಅಂದರೆ 12 ಮಿಲಿಸೆಕೆಂಡ್.

ಪಿಸ್ಟನ್ ಮೇಲ್ತುದಿಯಲ್ಲಿ ನಿಂತಿದೆ. ನಿಜವಾಗಿಯೂ ನಿಂತಿದೆ, ಆ ಗಳಿಗೆಯಲ್ಲಿ ವೇಗ ಸೊನ್ನೆ! ಅಲ್ಲಿಂದ ಅದು ಹೊರಡುತ್ತದೆ. ದಾರಿಯಲ್ಲಿ ಅದರ ಅತಿ ಹೆಚ್ಚಿನ ವೇಗ ಎಷ್ಟಿರಬಹುದು? ಊಹಿಸಿ!

ಗಂಟೆಗೆ 73 ಕಿಲೋಮೀಟರ್!

ಅಷ್ಟು ವೇಗ ಮುಟ್ಟಲು ಅದು ಬಳಸಿದ ದಾರಿ ಎಷ್ಟು ಗೊತ್ತೇ? 33 ಮಿಲಿಮೀಟರ್. ನಿಮ್ಮ ಎರಡು ಬೆರಳಗಲ! ತೆಗೆದುಕೊಂಡ ಸಮಯ 2.6 ಮಿಲಿಸೆಕೆಂಡ್. ಮಿಕ್ಕ 42 ಮಿಲಿಮೀಟರ್‌ನಲ್ಲಿ ಮತ್ತೆ ಪೂರ್ತಿ ನಿಲ್ಲುತ್ತದೆ. ನಿಂತು, ತಿರುಗಿ, ವಾಪಸು ಹೊರಡುತ್ತದೆ!

ಈ ಗರಿಷ್ಠ ವೇಗ 90 ಡಿಗ್ರಿಯಲ್ಲಿ ಬರುವುದಿಲ್ಲ, ಗಮನಿಸಿದಿರಾ? ಸುಮಾರು 77 ಡಿಗ್ರಿಯಲ್ಲೇ ಬಂದುಹೋಗುತ್ತದೆ. ಕ್ರ್ಯಾಂಕಿಗೂ ರಾಡಿಗೂ ನಡುವೆ ಲಂಬಕೋನ ಏರ್ಪಟ್ಟಾಗ ಪಿಸ್ಟನ್ನಿನ ವೇಗ ಗರಿಷ್ಠ ಎಂದು ಬಹಳ ಮಂದಿ ಹೇಳುವುದುಂಟು. ಎಷ್ಟು ಹತ್ತಿರದ ಸುಳ್ಳು! ಲಂಬಕೋನ ಬರುವುದು 75.96 ಡಿಗ್ರಿಯಲ್ಲಿ, ನಿಜವಾದ ಗರಿಷ್ಠ 76.7ರ ಹತ್ತಿರ. ಒಂದು ಡಿಗ್ರಿಯೂ ವ್ಯತ್ಯಾಸವಿಲ್ಲ. ಗ್ಯಾರೇಜಿನ ಕೆಲಸಕ್ಕೆ ಈ ಸುಳ್ಳು ಧಾರಾಳವಾಗಿ ಸಾಕು, ಆದರೂ ಅದು ಸುಳ್ಳೇ!

ವೇಗದ ಮಾತಾಯಿತು. ಈಗ ನನಗೆ ರೋಮಾಂಚನ ತಂದ ಭಾಗ: ವೇಗೋತ್ಕರ್ಷ.

ಯುದ್ಧವಿಮಾನದ ಪೈಲಟ್ ಗುರುತ್ವದ ಒಂಬತ್ತು ಪಟ್ಟು ಒತ್ತಡಕ್ಕೆ ಹೈರಾಣಾಗುತ್ತಾನೆ. ಕಣ್ಣು ಕತ್ತಲಿಡುತ್ತದೆ. ನಮ್ಮ ಜಾವಾದ ಪಿಸ್ಟನ್ನಿಗೆ ಮೇಲ್ತುದಿಯಲ್ಲಿ ಎಷ್ಟು ಪಟ್ಟು? ಐವತ್ತು? ನೂರು? ಇನ್ನೂ ಮೇಲೆ ಹೋಗಿ!

1310 ಪಟ್ಟು!

ಪಿಸ್ಟನ್ ಕಾಲು ಕಿಲೋ ತೂಗುತ್ತದೆ ಎಂದುಕೊಳ್ಳಿ. ಆ ಗಳಿಗೆಯಲ್ಲಿ ಅದನ್ನು ತಡೆದು ಕೆಳಗೆ ತಿರುಗಿಸಲು 327 ಕಿಲೋ ತೂಕದಷ್ಟು ಬಲ ಬೇಕು. ಮೂರು ಅಕ್ಕಿ ಮೂಟೆಗಿಂತ ಹೆಚ್ಚು! ನಿಮಿಷಕ್ಕೆ 5000 ಸಲ! ಅದೂ ಪಿಸ್ಟನ್ ಸ್ತಬ್ಧವಾಗಿ ನಿಂತಿರುವ ಗಳಿಗೆಯಲ್ಲಿ! ವೇಗ ಸೊನ್ನೆ, ವೇಗೋತ್ಕರ್ಷ ಗರಿಷ್ಠ. ಎಲ್ಲಿ ವೇಗ ಗರಿಷ್ಠವೋ, ಆ 77 ಡಿಗ್ರಿಯಲ್ಲಿ, ವೇಗೋತ್ಕರ್ಷ ಸೊನ್ನೆ.

ಹಾಗಾದರೆ ಕೆಳತುದಿಯಲ್ಲಿ? ಅಲ್ಲೂ ಪಿಸ್ಟನ್ ನಿಂತು ತಿರುಗಲೇಬೇಕು. ಅಲ್ಲೂ 1310 ಇರಬೇಕಲ್ಲವೇ?

ಇಲ್ಲ! ಬರೀ 786!

ಅದೇ ಪಿಸ್ಟನ್. ಅದೇ ಕ್ರ್ಯಾಂಕ್. ಅದೇ ಸುತ್ತು. ಆದರೂ ಎರಡು ತುದಿಗಳ ಅನುಪಾತ 5ಕ್ಕೆ 3! ಲೆಕ್ಕ ಈ ಒಂದು ಸಾಲಿನಲ್ಲಿ ಅಡಗಿದೆ:

a ≈ rω² (cos θ + (r/l) cos 2θ)

ಇಲ್ಲಿ r ಕ್ರ್ಯಾಂಕಿನ ತ್ರಿಜ್ಯ, l ರಾಡಿನ ಉದ್ದ, θ ಮೇಲ್ತುದಿಯಿಂದ ಕ್ರ್ಯಾಂಕ್ ತಿರುಗಿದ ಕೋನ, ω ಅದು ತಿರುಗುವ ವೇಗ. ಆವರಣದ ಮೊದಲ ಪದ ಕ್ರ್ಯಾಂಕ್‌ಪಿನ್‌ನದು, ಎರಡನೆಯದು ವಾಲುವ ರಾಡಿನದು. ನಮ್ಮ r/l ಕಾಲು ಭಾಗ. ಮೇಲೆ 1 ಮತ್ತು ಕಾಲು, ಕೂಡಿದರೆ ಒಂದೂಕಾಲು. ಕೆಳಗೆ ಕ್ರ್ಯಾಂಕ್‌ಪಿನ್ ಮೇಲಕ್ಕೆ ಎಳೆದರೆ ರಾಡ್ ಕೆಳಕ್ಕೆ ಎಳೆಯುತ್ತದೆ, ಉಳಿಯುವುದು ಮುಕ್ಕಾಲು. ನಡುವಿನ ಕೋನಗಳಲ್ಲಿ ಈ ಸೂತ್ರ ಕೂದಲೆಳೆಯಷ್ಟು ತಪ್ಪುತ್ತದೆ, ಆದರೆ ಎರಡು ತುದಿಗಳಲ್ಲಿ ಕರಾರುವಾಕ್ಕು!

ಕೆಳತುದಿಯ ಬಳಿ ಇನ್ನೊಂದು ಸೋಜಿಗ. 150 ಡಿಗ್ರಿಯಿಂದ 210 ಡಿಗ್ರಿಯವರೆಗೆ ವೇಗೋತ್ಕರ್ಷ ಹೆಚ್ಚುಕಡಿಮೆ ಕದಲುವುದೇ ಇಲ್ಲ. 772ರಿಂದ 786, ಅಷ್ಟರೊಳಗೇ! ಮೇಲೆ ಚೂಪಾದ ಶಿಖರ, ಕೆಳಗೆ ಚಪ್ಪಟೆ ಬಯಲು.

ω ಮೇಲೆ ಕೂತಿರುವ ಆ ಪುಟ್ಟ 2 ಕಂಡಿತೇ? ಅದೇ ಭಯಂಕರ! 1000 ಆರ್‌ಪಿಎಂನಲ್ಲಿ ಮೇಲ್ತುದಿಯ ಅಂಕಿ ಬರೀ 52 ಪಟ್ಟು. ಸುತ್ತು ಐದು ಪಟ್ಟಾಯಿತು, ಒತ್ತಡ ಇಪ್ಪತ್ತೈದು ಪಟ್ಟಾಯಿತು! ಎಂಜಿನ್ನನ್ನು ಮಿತಿಮೀರಿ ಓಡಿಸಿದಾಗ ರಾಡ್ ಹರಿದುಹೋಗುವುದು ಇದರಿಂದಲೇ. ಅದರಲ್ಲೂ ಫೋರ್ ಸ್ಟ್ರೋಕ್ ಎಂಜಿನ್ನಿನ ರಾಡಿಗೆ ಹೊಗೆ ಹೊರಹಾಕುವ ಸುತ್ತಿನ ಮೇಲ್ತುದಿಯೇ ಕಠಿಣ ಗಳಿಗೆ. ಪಿಸ್ಟನ್ನನ್ನು ಎದುರಿನಿಂದ ಒತ್ತಿ ತಡೆಯುವ ಅನಿಲವೇ ಅಲ್ಲಿರುವುದಿಲ್ಲ, ಪೂರ್ತಿ ಎಳೆತ ರಾಡಿನ ಮೇಲೇ!

ಈ 5ಕ್ಕೆ 3 ಬರೀ ಕಾಗದದ ಮೇಲಿನದಲ್ಲ. ಎಂಜಿನ್ ನಿಲ್ಲಿಸಿ, ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ಡಯಲ್ ಗೇಜ್ ಕೂರಿಸಿ. ಮೇಲ್ತುದಿಯಿಂದ ಹತ್ತು ಡಿಗ್ರಿ ತಿರುಗಿಸಿದರೆ ಪಿಸ್ಟನ್ 0.71 ಮಿಲಿಮೀಟರ್ ಸರಿಯುತ್ತದೆ. ಕೆಳತುದಿಯಿಂದ ಅದೇ ಹತ್ತು ಡಿಗ್ರಿಗೆ 0.43. ಭಾಗಿಸಿ ನೋಡಿ. ಮತ್ತೆ 5ಕ್ಕೆ 3ರ ಹತ್ತಿರವೇ!

ಆದರೆ ತಾಳಿ, ಆ ಮೇಲ್ತುದಿಯನ್ನು ನೀವು ಕಂಡುಹಿಡಿಯುವುದು ಹೇಗೆ? ಅಲ್ಲಿಂದ ಎರಡು ಡಿಗ್ರಿ ಆಚೀಚೆ ಆದರೂ ಪಿಸ್ಟನ್ ಸರಿಯುವುದು 0.03 ಮಿಲಿಮೀಟರ್ ಮಾತ್ರ. ಕಣ್ಣಿಗೆ ಅದು ನಿಂತಂತೆಯೇ! ಇದಕ್ಕೆ ಮೆಕ್ಯಾನಿಕ್‌ಗಳ ಉಪಾಯ ಎಷ್ಟು ಸೊಗಸು ಗೊತ್ತೇ? ಅವರು ಮೇಲ್ತುದಿಯನ್ನು ಹುಡುಕುವುದೇ ಇಲ್ಲ! ಪ್ಲಗ್ ತೂತಿಗೆ ಒಂದು ತಡೆಬೋಲ್ಟ್ ಹಾಕುತ್ತಾರೆ. ಪಿಸ್ಟನ್ ಅದಕ್ಕೆ ತಾಗುವವರೆಗೆ ಕೈಯಿಂದ ಮೆಲ್ಲಗೆ ತಿರುಗಿಸಿ ಫ್ಲೈವೀಲ್ ಮೇಲೆ ಗುರುತು. ಹಿಂದಕ್ಕೆ ತಿರುಗಿಸಿ, ಮತ್ತೆ ತಾಗಿದಲ್ಲಿ ಇನ್ನೊಂದು ಗುರುತು. ಎರಡರ ನಟ್ಟನಡುವೆ ಮೇಲ್ತುದಿ! ಪಿಸ್ಟನ್ ಚುರುಕಾಗಿ ಸರಿಯುವ ಜಾಗದಲ್ಲಿ ಅಳೆದು, ಸರಿಯದ ಜಾಗವನ್ನು ಹಿಡಿಯುವುದು. ಆಹಾ!

ಈಗ ಕೊನೆಯ ಊಹೆ.

ಇದೇ ಅಳತೆಯ ನಾಲ್ಕು ಪಿಸ್ಟನ್‌ಗಳನ್ನು ಕಾರಿನ ಎಂಜಿನ್ನಿನಲ್ಲಿರುವಂತೆ ಸಾಲಾಗಿ ಜೋಡಿಸಿ. ಎರಡು ಮೇಲೆ ಇರುವಾಗ ಎರಡು ಕೆಳಗೆ. ಎರಡು ಇಳಿದರೆ ಎರಡು ಏರುತ್ತವೆ. ಎಲ್ಲ ಸರಿದೂಗಿತು, ಅದುರಾಟ ಪೂರ್ತಿ ಸೊನ್ನೆ. ಹೌದಲ್ಲವೇ?

ಕ್ರ್ಯಾಂಕನ್ನು ಕಾಲು ಸುತ್ತು ತಿರುಗಿಸಿ ನೋಡಿ! ಇಳಿಯುತ್ತಿರುವ ಎರಡೂ ನಡುಗೆರೆಗಿಂತ 4.76 ಮಿಲಿಮೀಟರ್ ಕೆಳಗೆ. ಏರುತ್ತಿರುವ ಎರಡು? ಅವೂ ನಡುಗೆರೆಗಿಂತ 4.76 ಕೆಳಗೇ! ನಾಲ್ಕೂ ಒಂದೇ ಮಟ್ಟದಲ್ಲಿ, ನಾಲ್ಕೂ ಒಟ್ಟಿಗೆ ತಗ್ಗಿನಲ್ಲಿ! ಇನ್ನೊಂದು ಕಾಲು ಸುತ್ತಿಗೆ ಅವುಗಳ ಸರಾಸರಿ ಎತ್ತರ ಮತ್ತೆ ನಡುಗೆರೆಗೆ ಬರುತ್ತದೆ. ಮತ್ತೆ ತಗ್ಗುತ್ತದೆ. ಒಂದು ಸುತ್ತಿಗೆ ಎರಡು ಸಲ ಇಡೀ ಪಿಸ್ಟನ್ ಬಳಗ ಕುಸಿದು ಏಳುತ್ತದೆ, ನಿಮಿಷಕ್ಕೆ 10000 ಸಲ! ನಾಲ್ಕು ಸಿಲಿಂಡರ್ ಕಾರನ್ನು ಜೋರಾಗಿ ರೇಸ್ ಮಾಡಿದಾಗ ಸ್ಟೀರಿಂಗ್ ಹಿಡಿದ ಅಂಗೈಗೆ ತಾಗುವ ಆ ಸಣ್ಣ, ಬಿರುಸಾದ ಕಂಪನದಲ್ಲಿ ಇದರ ಪಾಲು ದೊಡ್ಡದು.

ಕ್ರ್ಯಾಂಕಿಗೆ ಎಷ್ಟು ಭಾರ ಕಟ್ಟಿದರೂ ಇದು ಹೋಗದು. ಕ್ರ್ಯಾಂಕ್ ಸುತ್ತುವುದು ಒಂದು ಸಲ, ಇದು ಕುಣಿಯುವುದು ಎರಡು ಸಲ! ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಇದಕ್ಕೆ ಮದ್ದು ಕಂಡುಹಿಡಿದ. ಒಂದೇ ಬದಿಗೆ ಭಾರವಿರುವ ಎರಡು ದಂಡಗಳು. ಕ್ರ್ಯಾಂಕಿನ ಎರಡು ಪಟ್ಟು ವೇಗದಲ್ಲಿ, ಒಂದಕ್ಕೊಂದು ಎದುರು ದಿಕ್ಕಿನಲ್ಲಿ ತಿರುಗುತ್ತವೆ. ಅಡ್ಡಡ್ಡ ಎಳೆತ ಒಂದರದ್ದನ್ನು ಇನ್ನೊಂದು ಅಳಿಸುತ್ತದೆ, ಮೇಲೆಕೆಳಗಿನ ಎಳೆತ ಮಾತ್ರ ಉಳಿಯುತ್ತದೆ. ಪಿಸ್ಟನ್‌ಗಳು ನಾಲ್ಕೂ ಒಟ್ಟಿಗೆ ತಗ್ಗಿಗೆ ಇಳಿದ ಆ ಗಳಿಗೆಯಲ್ಲಿ, ದಂಡಗಳ ಭಾರ ಎರಡೂ ಒಟ್ಟಿಗೆ ಮೇಲೆ!