ತೂತಿಗೂ ಲೆಕ್ಕವುಂಟು

ಪೆನ್ಸಿಲ್ ತುದಿಯ ಮೇಲೆ ಒಂದು ರಟ್ಟನ್ನು ವಾಲದಂತೆ ನಿಲ್ಲಿಸಬೇಕು. ರಟ್ಟು ಆಯತವಾಗಿದ್ದರೆ ನಟ್ಟನಡುವೆ ಆಧಾರ ಕೊಟ್ಟರೆ ಸಾಕು. ಆದರೆ ಈ ರಟ್ಟಿನ ಆಕಾರ ಬೇರೆ: 20 ಸೆಂ.ಮೀ. ಉದ್ದ, 10 ಸೆಂ.ಮೀ. ಎತ್ತರದ ಆಯತ. ಅದರ ಬಲ ಅಂಚಿನಿಂದ ಮುಂದಕ್ಕೆ ಚಾಚಿದ ಲಂಬಕೋನ ತ್ರಿಕೋನ, ಪಾದ 9 ಸೆಂ.ಮೀ., ಎತ್ತರ 10. ಜೊತೆಗೆ ಆಯತದ ಎಡಭಾಗದಲ್ಲಿ 2 ಸೆಂ.ಮೀ. ತ್ರಿಜ್ಯದ ದುಂಡನೆಯ ತೂತು. ಅದರ ನಡುಬಿಂದು ಎಡ ಅಂಚಿನಿಂದಲೂ ತಳದಿಂದಲೂ 5 ಸೆಂ.ಮೀ. ದೂರದಲ್ಲಿದೆ. ಈಗ ಪೆನ್ಸಿಲ್ ಎಲ್ಲಿಡುವುದು?

ಆ ಜಾಗವೇ ಸೆಂಟ್ರಾಯ್ಡ್. ಅದನ್ನು ಹುಡುಕಲು ರಟ್ಟನ್ನು ಪರಿಚಿತ ತುಂಡುಗಳಾಗಿ ಒಡೆದು, ಪ್ರತಿ ತುಂಡಿನ ವಿಸ್ತೀರ್ಣವನ್ನು ಎಡ ಅಂಚಿನಿಂದ ಅದರ ನಡುಬಿಂದುವಿಗಿರುವ ದೂರದಿಂದ ಗುಣಿಸಬೇಕು. ತಕ್ಕಡಿಯ ಕೋಲಿನಲ್ಲಿ ತೂಕ ದೂರ ಸರಿದಷ್ಟೂ ಅದರ ಎಳೆತ ಹೆಚ್ಚುವುದಲ್ಲ, ಇದೂ ಹಾಗೆಯೇ.

ಆಯತದ್ದು ಸುಲಭ: 200 × 10 = 2000. ತ್ರಿಕೋನದ ವಿಸ್ತೀರ್ಣ 45. ಹೆಚ್ಚಿನವರು ಎಡವುವುದು ಇದರ ನಡುಬಿಂದುವಿನಲ್ಲಿ. ಮೂರು ಮಧ್ಯರೇಖೆಗಳು ಕೂಡುವಲ್ಲೇ ಅದು ಇರುತ್ತದೆಂದು ಕ್ರಿ.ಪೂ. 3ನೇ ಶತಮಾನದಲ್ಲೇ ಆರ್ಕಿಮಿಡೀಸ್ ಸಾಧಿಸಿದ್ದ. ಲಂಬಕೋನ ತ್ರಿಕೋನದಲ್ಲಿ ಅದು ನೆಟ್ಟಗಿನ ಬಾಹುವಿನಿಂದ ಪಾದದ ಮೂರನೇ ಒಂದು ಭಾಗದಷ್ಟು ದೂರ. ಚೂಪು ತುದಿಯ ಕಡೆಯಿಂದ ಅಳೆದರೆ ಮೂರನೇ ಎರಡು ಭಾಗ. ಇಲ್ಲಿ ನೆಟ್ಟಗಿನ ಬಾಹು ಆಯತದ ಅಂಚಿನ ಮೇಲಿದೆ, ಆದ್ದರಿಂದ ದೂರ 20 + 3 = 23; ಗುಣಲಬ್ಧ 1035.

ಇನ್ನು ತೂತು. ಅದರ ವಿಸ್ತೀರ್ಣ 12.57, ದೂರ 5, ಗುಣಲಬ್ಧ ಸುಮಾರು 63. ಅಲ್ಲಿ ರಟ್ಟೇ ಇಲ್ಲವಾದ್ದರಿಂದ ಇದನ್ನು ಎರಡು ಕಡೆ ಕಳೆಯಬೇಕು: ಗುಣಲಬ್ಧಗಳ ಮೊತ್ತದಿಂದಲೂ, ಒಟ್ಟು ವಿಸ್ತೀರ್ಣದಿಂದಲೂ.

x = (2000 + 1035 − 63) ÷ (200 + 45 − 12.57) ≈ 12.79 ಸೆಂ.ಮೀ.

ತಳದಿಂದಲೂ ಹೀಗೆಯೇ ಲೆಕ್ಕ ಹಾಕಿದರೆ ಎತ್ತರ 4.68 ಸೆಂ.ಮೀ. ಬರುತ್ತದೆ.

ಉತ್ತರ ಸರಿಯೇ? ತೂತು ಕೊರೆಯುವ ಮುಂಚೆ ಸೆಂಟ್ರಾಯ್ಡ್ 12.39ರಲ್ಲಿತ್ತು. ಎಡಗಡೆ ರಟ್ಟು ಹೋದದ್ದರಿಂದ ಬಲಗಡೆಯದೇ ಮೇಲುಗೈ. ಬಿಂದು ತೂತಿನಿಂದ ದೂರಕ್ಕೆ, 4 ಮಿ.ಮೀ. ಸರಿದಿದೆ. ಮೈನಸ್ ಮರೆತು ಕೂಡಿಸಿಬಿಟ್ಟವರಿಗೆ 12.03 ಸಿಗುತ್ತದೆ, ಅಂದರೆ ಬಿಂದು ತೂತಿನ ಕಡೆಗೇ ಬಂದಿರುತ್ತದೆ. ಅಷ್ಟು ಕಂಡರೆ ಸಾಕು, ತಪ್ಪು ಎಲ್ಲಿದೆಯೆಂದು ಗೊತ್ತಾಗುತ್ತದೆ.

ಲೆಕ್ಕವನ್ನೇ ನಂಬದವರಿಗೆ ಗುಂಡುಸೂಜಿ ಇದೆ. ರಟ್ಟಿನ ಒಂದು ಮೂಲೆಗೆ ಸೂಜಿ ಚುಚ್ಚಿ ಸಡಿಲವಾಗಿ ತೂಗಾಡಲು ಬಿಡಬೇಕು. ಅದೇ ಸೂಜಿಯಿಂದ ನಟ್ ಕಟ್ಟಿದ ದಾರ ಇಳಿಬಿಟ್ಟು, ದಾರದ ಗುಂಟ ಗೆರೆ ಎಳೆಯಬೇಕು. ಇನ್ನೊಂದು ಮೂಲೆಯಿಂದಲೂ ಹೀಗೇ ಮಾಡಿದರೆ ಎರಡು ಗೆರೆಗಳು ಕೂಡುವ ಜಾಗ ಲೆಕ್ಕದ ಉತ್ತರದ ಬಳಿಯೇ ಇರುತ್ತದೆ.

ಈ ಹೊಂದಾಣಿಕೆ ರಟ್ಟಿನ ದಪ್ಪ ಎಲ್ಲೆಡೆ ಒಂದೇ ಆಗಿರುವವರೆಗೆ ಮಾತ್ರ. ಅದೇ ತೂತಿಗೆ ಹಿತ್ತಾಳೆಯ ಬಿಲ್ಲೆಯೊಂದನ್ನು ಕೂರಿಸಿದರೆ ಸಮತೋಲದ ಬಿಂದು ಎಡಕ್ಕೆ, ಬಿಲ್ಲೆಯ ಕಡೆಗೆ ಸರಿಯುತ್ತದೆ. ಆಗ ವಿಸ್ತೀರ್ಣದ ಬದಲು ಪ್ರತಿ ತುಂಡಿನ ತೂಕವನ್ನೇ ದೂರದಿಂದ ಗುಣಿಸಬೇಕಾಗುತ್ತದೆ.