ಒಂದು ಮೊಲೆಯ ಹಾಲು, ಇಡೀ ಕ್ಯಾನಿನ ಲೆಕ್ಕ

ಹಾಲು ನೋಡಲು ಚೆನ್ನಾಗಿಯೇ ಇತ್ತು. ಬಣ್ಣ ಬದಲಾಗಿರಲಿಲ್ಲ, ಗಡ್ಡೆ ಇರಲಿಲ್ಲ, ವಾಸನೆಯೂ ಇರಲಿಲ್ಲ. ಹಸು ಮೇವು ಬಿಟ್ಟಿರಲಿಲ್ಲ, ಕೆಚ್ಚಲು ಮುಟ್ಟಿದರೆ ಒದೆಯುತ್ತಲೂ ಇರಲಿಲ್ಲ. ಹಸುವಿನ ಯಜಮಾನಿ ಹೇಳಿದ್ದು ಇಷ್ಟೇ: "ಹದಿನೈದು ದಿನದಿಂದ ಹೊತ್ತಿಗೆ ಒಂದು ಲೀಟರ್ ಕಮ್ಮಿ ಆಗ್ತಿದೆ ಸಾರ್. ಡೈರೀಲಿ ಎಸ್‌ಎನ್‌ಎಫ್ ಕೂಡ ಇಳಿದಿದೆ ಅಂತಾರೆ."

ನಾಲ್ಕು ಬಟ್ಟಲುಗಳಿರುವ ಪ್ಲಾಸ್ಟಿಕ್ ತಟ್ಟೆಯನ್ನು ಕೆಚ್ಚಲ ಕೆಳಗೆ ಹಿಡಿದೆವು. ಪ್ರತಿ ಮೊಲೆಯ ಮೊದಲ ಎರಡು ಮೂರು ಧಾರೆಗಳನ್ನು ಬೇರೆ ಪಾತ್ರೆಗೆ ಬಿಟ್ಟು, ಆಮೇಲೆ ಒಂದೊಂದು ಬಟ್ಟಲಿಗೆ ಅರ್ಧ ಚಮಚದಷ್ಟು ಹಾಲು ಕರೆದು, ಅಷ್ಟೇ ಪ್ರಮಾಣದ ನೇರಳೆ ದ್ರಾವಣ ಸುರಿದು ತಟ್ಟೆಯನ್ನು ಮೆಲ್ಲನೆ ಸುತ್ತ ಆಡಿಸಿದೆವು. ಹತ್ತು ಸೆಕೆಂಡಿನೊಳಗೆ ಉತ್ತರ ಸಿಕ್ಕಿತು. ಮೂರು ಬಟ್ಟಲುಗಳಲ್ಲಿ ಹಾಲು ನೀರಿನಂತೆ ಓಡಾಡುತ್ತಿತ್ತು. ಹಿಂದಿನ ಬಲ ಮೊಲೆಯ ಬಟ್ಟಲಲ್ಲಿ ಮಾತ್ರ ಬೆಂಡೆಕಾಯಿ ಲೋಳೆಯಂತೆ ಗಟ್ಟಿಯಾಗಿ, ತಟ್ಟೆ ವಾಲಿಸಿದರೆ ಒಂದೇ ಮುದ್ದೆಯಾಗಿ ಜಾರಿತು.

ಇದಕ್ಕೆ ಸಿಎಂಟಿ, ಅಂದರೆ ಕ್ಯಾಲಿಫೋರ್ನಿಯಾ ಮಾಸ್ಟೈಟಿಸ್ ಟೆಸ್ಟ್ ಎನ್ನುತ್ತಾರೆ. 1957ರಲ್ಲಿ ಶಾಮ್ ಮತ್ತು ನೂರ್ಲಾಂಡರ್ ಎಂಬಿಬ್ಬರು ಪ್ರಕಟಿಸಿದ ಪರೀಕ್ಷೆ ಇದು. ದ್ರಾವಣದಲ್ಲಿರುವುದು ಮುಖ್ಯವಾಗಿ ಒಂದು ಬಗೆಯ ಸೋಪು. ಅದು ಹಾಲಿನಲ್ಲಿರುವ ಜೀವಕೋಶಗಳನ್ನು ಒಡೆಯುತ್ತದೆ. ಒಳಗಿನ ಡಿಎನ್‌ಎ ಎಳೆಗಳು ಹೊರಬಂದು ಒಂದಕ್ಕೊಂದು ಸಿಕ್ಕಿಕೊಂಡಾಗ ಲೋಳೆ ಕಟ್ಟುತ್ತದೆ. ಕೋಶಗಳು ಹೆಚ್ಚಿದಷ್ಟೂ ಲೋಳೆ ಗಟ್ಟಿ.

ಈ ಕೋಶಗಳ ಎಣಿಕೆಯೇ ಸೊಮ್ಯಾಟಿಕ್ ಸೆಲ್ ಕೌಂಟ್. ಇದನ್ನು ಬ್ಯಾಕ್ಟೀರಿಯಾಗಳ ಎಣಿಕೆ ಎಂದುಕೊಳ್ಳುವವರು ಬಹಳ ಮಂದಿ. ಇವು ಹಸುವಿನದೇ ಕೋಶಗಳು. ಬಹುಪಾಲು ರಕ್ತದಿಂದ ಬಂದ ಬಿಳಿ ರಕ್ತಕಣಗಳು, ಜೊತೆಗೆ ಕೆಚ್ಚಲಿನ ಒಳಪದರದಿಂದ ಉದುರಿದ ಕೆಲವು. ಆರೋಗ್ಯವಾಗಿರುವ ಮೊಲೆಯ ಹಾಲಿನಲ್ಲೂ ಇವು ಇದ್ದೇ ಇರುತ್ತವೆ, ಸಾಮಾನ್ಯವಾಗಿ ಮಿಲಿಲೀಟರಿಗೆ ಒಂದು ಲಕ್ಷದೊಳಗೆ. ಎರಡು ಲಕ್ಷ ದಾಟಿದರೆ ಒಳಗೆ ಸೋಂಕಿದೆ ಎಂದೇ ಹೆಚ್ಚಿನ ಪಶುವೈದ್ಯರು ತಿಳಿಯುತ್ತಾರೆ. ಯುರೋಪಿಯನ್ ಒಕ್ಕೂಟ ಖರೀದಿ ಹಾಲಿಗೆ ನಾಲ್ಕು ಲಕ್ಷದ ಮಿತಿ ಹಾಕಿದೆ, ಅಮೆರಿಕ ಏಳೂವರೆ ಲಕ್ಷದ ಮಿತಿ ಹಾಕಿದೆ.

ಎಣಿಕೆ ಏರಲು ಮುಖ್ಯ ಕಾರಣ ಕೆಚ್ಚಲು ಬಾವು. ಅದರಲ್ಲೂ ಹೊರಗೆ ಲಕ್ಷಣ ತೋರಿಸದ, ಒಳಗೊಳಗೇ ಇರುವ ಬಾವು. ಮೊಲೆತೊಟ್ಟಿನ ತುದಿಯಲ್ಲಿ ಒಂದು ಸಣ್ಣ ರಂಧ್ರವಿದೆ. ಹಾಲು ಕರೆದಾದ ಮೇಲೆ ಅದು ಪೂರ್ತಿ ಮುಚ್ಚಿಕೊಳ್ಳಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಅಷ್ಟರಲ್ಲಿ ಹಸು ಸಗಣಿ, ಗಂಜಲದ ನೆಲದ ಮೇಲೆ ಮಲಗಿದರೆ ರೋಗಾಣು ಒಳಹೊಗುತ್ತದೆ. ಸ್ಟ್ಯಾಫಿಲೊಕಾಕಸ್ ಆರಿಯಸ್‌ನಂಥವು ಇನ್ನೊಂದು ದಾರಿಯಲ್ಲಿ ಬರುತ್ತವೆ. ಒಂದು ಹಸು ಕರೆದ ಅದೇ ಕೈ, ಅದೇ ಬಟ್ಟೆ ಮುಂದಿನ ಹಸುವಿಗೆ ಹೋದಾಗ ಅವೂ ಜೊತೆಯಲ್ಲೇ ಹೋಗುತ್ತವೆ. ಹೆಬ್ಬೆರಳು ಮಡಚಿ ಗೆಣ್ಣಿನಿಂದ ಒತ್ತಿ ಕರೆಯುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಅದರಿಂದ ತೊಟ್ಟಿನ ಒಳಗೆ ಗಾಯವಾಗಿ ರೋಗಾಣುವಿಗೆ ನೆಲೆ ಸಿಗುತ್ತದೆ. ಆ ಮನೆಯಲ್ಲಿ ನಾನು ಕಂಡದ್ದೂ ಇದನ್ನೇ. ರೋಗಾಣು ಒಳಬಂದೊಡನೆ ಬಿಳಿಕಣಗಳು ಅದನ್ನು ಎದುರಿಸಲು ರಕ್ತದಿಂದ ಕೆಚ್ಚಲಿಗೆ ನುಗ್ಗುತ್ತವೆ. ನಾವು ಎಣಿಸುವುದು ಆ ದಂಡನ್ನೇ.

ಕರು ಹಾಕಿದ ಮೊದಲ ದಿನಗಳ ಗಿಣ್ಣು ಹಾಲಿನಲ್ಲೂ, ಹಾಲು ಬತ್ತುವ ಕೊನೆಯ ದಿನಗಳಲ್ಲೂ ಎಣಿಕೆ ತಾನಾಗಿಯೇ ಹೆಚ್ಚಿರುತ್ತದೆ. ಆ ದಿನಗಳಲ್ಲಿ ಸಿಎಂಟಿ ಮಾಡಿ ಗಾಬರಿಯಾಗಬೇಕಿಲ್ಲ. "ವಯಸ್ಸಾದ ಹಸು, ಅದಕ್ಕೇ ಹೆಚ್ಚು" ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಸೋಂಕಿಲ್ಲದ ಮುದಿ ಹಸುವಿನಲ್ಲಿ ಎಣಿಕೆ ಹೆಚ್ಚೇನೂ ಏರುವುದಿಲ್ಲ. ವರ್ಷ ಕಳೆದಂತೆ ಸೋಂಕು ತಗಲುವ ಸಂದರ್ಭಗಳು ಹೆಚ್ಚುತ್ತವೆ, ಅಷ್ಟೇ.

ಈಗ ಲೆಕ್ಕಕ್ಕೆ ಬರೋಣ. ಆ ಹಸುವಿನ ಮೂರು ಮೊಲೆಗಳಲ್ಲಿ 80 ಸಾವಿರ, ಕೆಟ್ಟ ಮೊಲೆಯಲ್ಲಿ 20 ಲಕ್ಷ ಎಂದಿಟ್ಟುಕೊಳ್ಳಿ. ನಾಲ್ಕೂ ಮೊಲೆ ಸಮನಾಗಿ ಹಾಲು ಕೊಟ್ಟರೆ ಹಸುವಿನ ಸರಾಸರಿ 5 ಲಕ್ಷ 60 ಸಾವಿರ. ಈ ಹಸುವಿನ ಹಾಲು ಎಂಟು ಲೀಟರ್ ಎಂದುಕೊಂಡು, ಅದನ್ನು ಒಂದು ಲಕ್ಷ ಎಣಿಕೆಯ 32 ಲೀಟರ್ ಹಾಲಿನೊಂದಿಗೆ ನಲವತ್ತು ಲೀಟರಿನ ಕ್ಯಾನಿಗೆ ಸುರಿದರೆ ಸರಾಸರಿ 1 ಲಕ್ಷ 92 ಸಾವಿರಕ್ಕೆ ಇಳಿಯುತ್ತದೆ. ಕ್ಯಾನಿನ ಲೆಕ್ಕ ನೋಡಿದವರಿಗೆ ಎಲ್ಲ ಸರಿಯಾಗಿದೆ ಎಂದೇ ತೋರುತ್ತದೆ. ಫ್ಯಾಟು, ಡಿಗ್ರಿ ನೋಡಿ ದರ ಕಟ್ಟುವ ಕಡೆಯಲ್ಲಂತೂ ಈ ಮೊಲೆ ಸಿಕ್ಕಿಬೀಳುವುದೇ ಇಲ್ಲ. ಹಿಡಿಯಬೇಕಾದರೆ ಕೊಟ್ಟಿಗೆಯಲ್ಲೇ, ಮೊಲೆ ಮೊಲೆಯಾಗಿ ನೋಡಬೇಕು.

ಹಾಲಿಗೆ ಆಗುವ ಹಾನಿ ಏನು? ಬಾವಿದ್ದ ಕೆಚ್ಚಲಲ್ಲಿ ರಕ್ತಕ್ಕೂ ಹಾಲಿಗೂ ನಡುವಿನ ಗೋಡೆ ಸೋರತೊಡಗುತ್ತದೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಕಡಿಮೆಯಾಗಿ, ರಕ್ತದ ಉಪ್ಪಿನಂಶ ಹಾಲಿಗೆ ಸೇರುತ್ತದೆ. ಮೊಸರು, ಪನೀರು ಗಟ್ಟಿಯಾಗಲು ಬೇಕಾದ ಕೇಸಿನ್ ಕುಗ್ಗಿ, ಅದರ ಜಾಗಕ್ಕೆ ರಕ್ತದ ಪ್ರೋಟೀನು ಬರುತ್ತದೆ. ಎಸ್‌ಎನ್‌ಎಫ್ ಇಳಿಯುವುದಕ್ಕೂ, ಮೊಸರು ಸಡಿಲವಾಗುವುದಕ್ಕೂ ಇದೇ ಒಂದು ಕಾರಣ.

ಬಾಳಿಕೆಯ ವಿಷಯ ಇನ್ನೂ ಸೂಕ್ಷ್ಮ. ರಕ್ತದಿಂದ ಪ್ಲಾಸ್ಮಿನ್ ಎಂಬ ಕಿಣ್ವವೂ ಹಾಲಿಗೆ ಇಳಿಯುತ್ತದೆ. ಅದರ ಕೆಲಸ ಕೇಸಿನನ್ನು ಕತ್ತರಿಸುವುದು. 72 ಡಿಗ್ರಿಯಲ್ಲಿ 15 ಸೆಕೆಂಡು ಪಾಶ್ಚರೀಕರಿಸಿದರೆ ರೋಗಾಣು ಸಾಯುತ್ತದೆ, ಪ್ಲಾಸ್ಮಿನ್ ಉಳಿಯುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2000ದಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಎಂಟು ಹಸುಗಳ ಹಾಲನ್ನು ಮೊದಲು ಆರೋಗ್ಯವಾಗಿದ್ದಾಗ, ಆಮೇಲೆ ಅವಕ್ಕೇ ಕೆಚ್ಚಲು ಸೋಂಕು ತಗಲಿಸಿದಾಗ ತೆಗೆದರು. ಎಣಿಕೆ 45 ಸಾವಿರದಿಂದ 8 ಲಕ್ಷ 49 ಸಾವಿರಕ್ಕೆ ಏರಿತ್ತು. ಎರಡನ್ನೂ ಪಾಶ್ಚರೀಕರಿಸಿ 5 ಡಿಗ್ರಿಯಲ್ಲಿ ಇಟ್ಟರು. ಮೊದಲ ಹಾಲು 21 ದಿನವೂ ರುಚಿ ಕೆಡಲಿಲ್ಲ. ಎರಡನೆಯದು 14ರಿಂದ 21ನೇ ದಿನದೊಳಗೆ ಕಹಿಯಾಗಿ, ಕಮಟು ವಾಸನೆ ಹಿಡಿಯಿತು. ಎರಡರಲ್ಲೂ ಬ್ಯಾಕ್ಟೀರಿಯಾ ಕಡಿಮೆಯೇ ಇತ್ತು. ಅಂದರೆ ಹಾಲು ಕೆಡಿಸಿದ್ದು ಕೆಚ್ಚಲಿನಿಂದ ಬಂದ ಕಿಣ್ವಗಳು, ಡೈರಿಯ ಕೊಳೆಯಲ್ಲ.

ಬೆಳಿಗ್ಗೆ ಕಾಯಿಸಿ ಸಂಜೆಯೊಳಗೆ ಮುಗಿಸುವ ಮನೆಯವರಿಗೆ ಈ ವ್ಯತ್ಯಾಸ ಗೊತ್ತಾಗದೆ ಹೋಗಬಹುದು. ಹಾಲು ಹುಳಿಯಾಗಿ ಒಡೆದರೆ ಅದು ಬ್ಯಾಕ್ಟೀರಿಯಾದ ಕೆಲಸ, ಇಲ್ಲಿ ಹೇಳುತ್ತಿರುವುದಲ್ಲ. ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಇಡುವ ಯುಎಚ್‌ಟಿ ಹಾಲಿನಲ್ಲಿ ಮಾತ್ರ ಉಳಿದ ಪ್ಲಾಸ್ಮಿನ್‌ಗೆ ಬೇಕಾದಷ್ಟು ಸಮಯ ಸಿಗುತ್ತದೆ. ಅಲ್ಲಿ ಹಾಲು ಕಹಿಯಾಗುವುದಕ್ಕೂ, ಕ್ರಮೇಣ ಗಂಜಿಯಂತೆ ಮಂದವಾಗುವುದಕ್ಕೂ ಇದು ಒಂದು ಕಾರಣ.

ಹೊರಬಂದ ಕಿಣ್ವವನ್ನು ತಣ್ಣಗಿಟ್ಟೋ ಸೋಸಿಯೋ ತೆಗೆಯಲಾಗದು. ಆದ್ದರಿಂದ ಕೆಲಸವಿರುವುದು ಕೊಟ್ಟಿಗೆಯಲ್ಲಿ. ಆ ಮನೆಯಲ್ಲಿ ಹೇಳಿದ್ದು ಹೆಚ್ಚೇನಿಲ್ಲ. ಕೆಟ್ಟ ಮೊಲೆಯನ್ನು ಕೊನೆಗೆ ಕರೆದು ಆ ಹಾಲನ್ನು ಕ್ಯಾನಿಗೆ ಸೇರಿಸಬೇಡಿ. ಆ ಹಸುವನ್ನೂ ಉಳಿದವುಗಳ ನಂತರವೇ ಕರೆಯಿರಿ. ಕರೆದ ಕೂಡಲೇ ತೊಟ್ಟುಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ. ಆಮೇಲೆ ಹಸುವಿನ ಮುಂದೆ ಮೇವು ಹಾಕಿ, ಒಂದು ಗಂಟೆ ನಿಂತಿರಲಿ. ಔಷಧಿ ಯಾವುದು, ಎಷ್ಟು ದಿನ ಎಂಬುದನ್ನು ಪಶುವೈದ್ಯರು ಹೇಳಬೇಕು. ಆಂಟಿಬಯೋಟಿಕ್ ಕೊಟ್ಟರೆ ಅದರ ಚೀಟಿಯಲ್ಲಿರುವಷ್ಟು ದಿನ ಹಾಲು ಡೈರಿಗೆ ಹಾಕಲೇಬಾರದು.

ಒಮ್ಮೆ ಪರೀಕ್ಷೆ ಸರಿಬಂದಿತೆಂದು ಬಿಡಬೇಡಿ. ಸ್ಟ್ಯಾಫಿಲೊಕಾಕಸ್ ಕೆಚ್ಚಲೊಳಗೆ ಸಣ್ಣ ಸಣ್ಣ ಕೀವುಗಂಟುಗಳಲ್ಲಿ ಅಡಗಿರುತ್ತದೆ, ಎಣಿಕೆ ಇಳಿದು ಮತ್ತೆ ಏರುತ್ತದೆ. ತಿಂಗಳಿಗೊಮ್ಮೆ ನಾಲ್ಕೂ ಬಟ್ಟಲು ನೋಡಿ, ಯಾವ ಮೊಲೆ ಎಂದು ಗೋಡೆಯ ಮೇಲಾದರೂ ಬರೆದಿಡಿ.