ಮೈಯೊಳಗಿನ ಪೊಟ್ಯಾಶಿಯಂ ಎಣಿಸುವ ಉಕ್ಕಿನ ಕೋಣೆ

ಗೊಬ್ಬರದ ಅಂಗಡಿಯಲ್ಲಿ ಕೆಂಪು ಹರಳಿನ ಪೊಟ್ಯಾಶ್ ಚೀಲ ನೋಡಿರುತ್ತೀರಿ. ಐವತ್ತು ಕಿಲೋ ಚೀಲದಲ್ಲಿ ಸುಮಾರು 25 ಕಿಲೋ ಅಪ್ಪಟ ಪೊಟ್ಯಾಶಿಯಂ ಇರುತ್ತದೆ. ಆ ಚೀಲದೊಳಗೆ ಪ್ರತಿ ಸೆಕೆಂಡಿಗೆ ಏಳೂವರೆ ಲಕ್ಷಕ್ಕೂ ಹೆಚ್ಚು ಪರಮಾಣುಗಳು ಸಿಡಿಯುತ್ತಲೇ ಇರುತ್ತವೆ. ಗಾಬರಿ ಬೇಡ, ನಮ್ಮ ಮೈಯೊಳಗೂ ಅದೇ ನಡೆಯುತ್ತಿದೆ. ಚೀಲದ ಲೆಕ್ಕ ಲಕ್ಷದಲ್ಲಿ, ನಮ್ಮದು ಸಾವಿರದಲ್ಲಿ, ಅಷ್ಟೇ.

ಪ್ರಕೃತಿಯಲ್ಲಿ ಸಿಗುವ ಪೊಟ್ಯಾಶಿಯಂನ ಹತ್ತು ಸಾವಿರ ಪರಮಾಣುಗಳಲ್ಲಿ ಒಂದಕ್ಕಿಂತ ತುಸು ಹೆಚ್ಚು, ಪೊಟ್ಯಾಶಿಯಂ-40 ಎಂಬ ವಿಕಿರಣಶೀಲ ಬಗೆಯದು. ಇದು ಭೂಮಿ ಹುಟ್ಟುವ ಮೊದಲೇ ಉಂಟಾದ ಸರಕು. ಅರ್ಧದಷ್ಟು ಕರಗಲು 125 ಕೋಟಿ ವರ್ಷ ಬೇಕಾದ್ದರಿಂದ ಇನ್ನೂ ಮುಗಿದಿಲ್ಲ. ಎಳನೀರಿನಲ್ಲಿರಲಿ, ಬಾಳೆಹಣ್ಣಿನಲ್ಲಿರಲಿ, ನಮ್ಮ ತೊಡೆಯ ಸ್ನಾಯುವಿನಲ್ಲಿರಲಿ, ಇದರ ಪಾಲು ಎಲ್ಲೆಡೆ ಒಂದೇ. ಆದ್ದರಿಂದ ಪೊಟ್ಯಾಶಿಯಂ-40 ಎಷ್ಟಿದೆ ಎಂದು ಗೊತ್ತಾದರೆ ಒಟ್ಟು ಪೊಟ್ಯಾಶಿಯಂ ಎಷ್ಟಿದೆ ಎಂಬುದೂ ಗೊತ್ತಾದಂತೆ. ಎಪ್ಪತ್ತು ಕಿಲೋ ತೂಕದ ಗಂಡಸಿನ ದೇಹದಲ್ಲಿ ಅಂದಾಜು 140 ಗ್ರಾಂ ಪೊಟ್ಯಾಶಿಯಂ ಇರುತ್ತದೆ. ಅದರಲ್ಲಿ ಸೆಕೆಂಡಿಗೆ ನಾಲ್ಕು ಸಾವಿರಕ್ಕೂ ಹೆಚ್ಚು ಪರಮಾಣುಗಳು ಸಿಡಿದರೂ ಮೈಯಿಂದ ಆಚೆ ಬರುವ ಶಕ್ತಿಯುಳ್ಳ ಗ್ಯಾಮಾ ಕಿರಣ ಹುಟ್ಟುವುದು ಹತ್ತರಲ್ಲಿ ಒಂದರಿಂದ ಮಾತ್ರ. ಅಂದರೆ ಸೆಕೆಂಡಿಗೆ ಸುಮಾರು 460 ಕಿರಣಗಳು.

ಇದರಿಂದ ಮಾಂಸಖಂಡದ ಲೆಕ್ಕ ಹೇಗೆ ಸಿಗುತ್ತದೆ? ದೇಹದ ಪೊಟ್ಯಾಶಿಯಂ ಬಹುಪಾಲು, ಅಂದರೆ ಶೇಕಡಾ 98ರಷ್ಟು, ಜೀವಕೋಶಗಳ ಒಳಗೇ ಇರುತ್ತದೆ. ಕೋಶದ ಪೊರೆಯಲ್ಲಿರುವ ಪಂಪುಗಳು ಸೋಡಿಯಂ ಅನ್ನು ಹೊರಗೆ ತಳ್ಳುತ್ತ ಪೊಟ್ಯಾಶಿಯಂ ಅನ್ನು ಒಳಗೆಳೆದುಕೊಳ್ಳುತ್ತಲೇ ಇರುತ್ತವೆ. ಶೇಖರಣೆಯಾದ ಕೊಬ್ಬಿನಲ್ಲಾದರೋ ನೀರೂ ಇಲ್ಲ, ಪೊಟ್ಯಾಶಿಯಂ ಕೂಡ ಇಲ್ಲವೆನ್ನುವಷ್ಟು ಕಡಿಮೆ. ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಬರುವ ಪೊಟ್ಯಾಶಿಯಂ ಅಂಕಿ ಬೇರೆಯದೇ ವಿಷಯ. ಅದು ಕೋಶಗಳ ಹೊರಗೆ ಉಳಿದ ಚಿಲ್ಲರೆಯ ಲೆಕ್ಕ, ತಿಜೋರಿಯ ಲೆಕ್ಕವಲ್ಲ.

ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದ ಗಿಲ್ಬರ್ಟ್ ಫೋರ್ಬ್ಸ್ ಮತ್ತು ಸಂಗಡಿಗರು 1961ರಲ್ಲಿ ಈ ಮಾರ್ಗವನ್ನು ‘ಸೈನ್ಸ್’ ಪತ್ರಿಕೆಯಲ್ಲಿ ವಿವರಿಸಿದರು. ಕೊಬ್ಬು ಬಿಟ್ಟ ದೇಹದ ಪ್ರತಿ ಕಿಲೋಗೆ ಸುಮಾರು 2.66 ಗ್ರಾಂ ಪೊಟ್ಯಾಶಿಯಂ ಎಂಬುದು ಅವರ ಲೆಕ್ಕದ ಆಧಾರ. ಆ ಅಂಕಿ ಬಂದದ್ದು ಕೆಲವೇ ಕೆಲವು ಶವಗಳ ರಾಸಾಯನಿಕ ವಿಶ್ಲೇಷಣೆಯಿಂದ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಕಿರಣ ಹಿಡಿಯಲು ಸೋಡಿಯಂ ಅಯೊಡೈಡ್ ಎಂಬ ಲವಣದ ದೊಡ್ಡ ಹರಳುಗಳು ಬೇಕು. ಗ್ಯಾಮಾ ಕಿರಣ ಬಡಿದರೆ ಹರಳಿನಲ್ಲಿ ಕ್ಷಣಮಾತ್ರ ಬೆಳಕು ಮಿನುಗುತ್ತದೆ. ಹಿಂದೆ ಅಂಟಿಸಿರುವ ಫೋಟೊಮಲ್ಟಿಪ್ಲೈಯರ್ ಕೊಳವೆ ಅದನ್ನು ವಿದ್ಯುತ್ ಮಿಡಿತವಾಗಿ ಮಾರ್ಪಡಿಸುತ್ತದೆ. ಮಿನುಗು ಎಷ್ಟು ಪ್ರಖರವೋ ಕಿರಣದ ಶಕ್ತಿ ಅಷ್ಟು. ಪೊಟ್ಯಾಶಿಯಂ-40ರ ಕಿರಣಕ್ಕೆ 1.46 ಎಂಇವಿ ಎಂಬ ಒಂದೇ ಖಚಿತವಾದ ಶಕ್ತಿ. ಆ ಶಕ್ತಿಯ ಸುತ್ತಮುತ್ತಲಿನ ಮಿಡಿತಗಳನ್ನಷ್ಟೇ ಎಣಿಸಿದರೆ ಆಯಿತು. ಇಷ್ಟು ಕೇಳಿದವರಿಗೆ, ಹರಳು ತಂದು ಮಂಚದ ಪಕ್ಕದಲ್ಲಿಟ್ಟರೆ ಮುಗಿಯಿತಲ್ಲ ಎನಿಸುತ್ತದೆ.

ತೊಂದರೆ ಮಂಚದ ಮೇಲೆ ಮಲಗಿದವರದ್ದಲ್ಲ, ಕೋಣೆಯದು. ಪೊಟ್ಯಾಶಿಯಂ ಗೋಡೆಯ ಇಟ್ಟಿಗೆಯಲ್ಲಿದೆ, ಕಾಂಕ್ರೀಟಿನಲ್ಲಿದೆ, ನೆಲಕ್ಕೆ ಹಾಸಿದ ಗ್ರಾನೈಟಿನಲ್ಲಿ ಧಾರಾಳವಾಗಿದೆ. ರಾಮನಗರದ ಬಂಡೆಗಳಿಗೆ ನಸುಗೆಂಪು ಬಣ್ಣ ಕೊಡುವ ಫೆಲ್ಡ್‌ಸ್ಪಾರ್ ಪೊಟ್ಯಾಶಿಯಂ ಖನಿಜವೇ. ಕಲ್ಲಿನಲ್ಲಿರುವ ಯುರೇನಿಯಂ, ಥೋರಿಯಂ ಸಂತತಿಯವು ಇನ್ನೂ ಹೆಚ್ಚು ಶಕ್ತಿಯ ಕಿರಣಗಳನ್ನು ಬಿಡುತ್ತವೆ. ಅವು ಅಲ್ಲಿ ಇಲ್ಲಿ ಬಡಿದು ಶಕ್ತಿ ಕಳೆದುಕೊಂಡು, ಸರಿಯಾಗಿ 1.46ರ ಹತ್ತಿರಕ್ಕೇ ಬಂದು ಬೀಳುತ್ತವೆ. ಮೇಲಿನಿಂದ ಕಾಸ್ಮಿಕ್ ಕಿರಣಗಳು ಬೇರೆ. ಲಾರಿ ತೂಗುವ ವೇಬ್ರಿಡ್ಜ್ ಮೇಲೆ ಒಮ್ಮೆ ಡ್ರೈವರ್ ಸಮೇತ, ಇನ್ನೊಮ್ಮೆ ಡ್ರೈವರ್ ಇಲ್ಲದೆ ಲಾರಿ ನಿಲ್ಲಿಸಿ, ಕಳೆದು ಡ್ರೈವರ್‌ನ ತೂಕ ಹೇಳುವ ಕೆಲಸ ಇದು. ನಡುವೆ ಒಂದಷ್ಟು ಡೀಸೆಲ್ ಖರ್ಚಾದರೂ ಉತ್ತರ ತಪ್ಪು.

ಒಂದು ಉದಾಹರಣೆಯನ್ನು ಲೆಕ್ಕ ಹಾಕಿಯೇ ನೋಡೋಣ. ಅಂಕಿಗಳು ವಿವರಣೆಗಾಗಿ ಆರಿಸಿಕೊಂಡವು. ಮೊದಲು ಮನುಷ್ಯಾಕಾರದಲ್ಲಿ ಜೋಡಿಸಿದ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ನೀರು ತುಂಬಿ ಅರ್ಧ ಗಂಟೆ ಎಣಿಸಿದಾಗ 3,000 ಎಣಿಕೆ ಬಂತೆನ್ನಿ. ಇದು ಬರಿಯ ಹಿನ್ನೆಲೆ. ಖಾಲಿ ಕೋಣೆಯನ್ನೇ ಎಣಿಸಬಾರದೇ ಎಂದರೆ, ಬಾರದು. ಮಲಗಿದ ಮೈ ತಾನೇ ಹೊರಗಿನ ಕಿರಣಗಳನ್ನು ಒಂದಿಷ್ಟು ತಡೆಯುತ್ತದೆ, ಅದಕ್ಕೆ ನೀರಿನ ಬೊಂಬೆ. ಆಮೇಲೆ ಆ ನೀರಿನಲ್ಲಿ 267 ಗ್ರಾಂ ಶುದ್ಧ ಪೊಟ್ಯಾಶಿಯಂ ಕ್ಲೋರೈಡ್ ಕರಗಿಸುತ್ತಾರೆ. ಚೀಲದ ಪೊಟ್ಯಾಶ್‌ನ ಪರಿಶುದ್ಧ ರೂಪವೇ ಇದು, ಇದರಲ್ಲಿ ಪೊಟ್ಯಾಶಿಯಂ 140 ಗ್ರಾಂ. ಈಗ 9,000 ಎಣಿಕೆ ಬಂತು. ಅಂದರೆ 140 ಗ್ರಾಂಗೆ 6,000. ಕೊನೆಗೆ 62 ಕಿಲೋ ತೂಕದ ಗಂಡಸೊಬ್ಬ ಮಲಗಿದಾಗ 8,100 ಬಂತು. ಹಿನ್ನೆಲೆ ಕಳೆದರೆ 5,100, ಅಂದರೆ 119 ಗ್ರಾಂ ಪೊಟ್ಯಾಶಿಯಂ. ಅದನ್ನು 2.66ರಿಂದ ಭಾಗಿಸಿದರೆ ಕೊಬ್ಬು ಬಿಟ್ಟ ತೂಕ 44.7 ಕಿಲೋ. ಉಳಿದ 17.3 ಕಿಲೋ ಕೊಬ್ಬು.

ಪರಮಾಣುಗಳು ಗಡಿಯಾರ ನೋಡಿಕೊಂಡು ಸಿಡಿಯುವುದಿಲ್ಲ. ಇಂಥ ಎಣಿಕೆಯಲ್ಲಿ ಒಟ್ಟು ಸಂಖ್ಯೆಯ ವರ್ಗಮೂಲದಷ್ಟು ಏರಿಳಿತ ಸಹಜ. ಇಲ್ಲಿ ಎರಡೂ ಎಣಿಕೆ ಕೂಡಿಸಿ ವರ್ಗಮೂಲ ತೆಗೆದರೆ ಸುಮಾರು 105. ಅಂದರೆ ಉತ್ತರ ಶೇಕಡಾ 2ರಷ್ಟು, ತೂಕದಲ್ಲಿ 900 ಗ್ರಾಂನಷ್ಟು ಅತ್ತಿತ್ತ ಆಗಬಹುದು. ಅಷ್ಟು ಸಹಿಸಿಕೊಳ್ಳೋಣ. ಇದೇ ಕೆಲಸವನ್ನು ಬಯಲು ಕೋಣೆಯಲ್ಲಿ ಮಾಡಿ, ಹಿನ್ನೆಲೆ 3,000ದ ಬದಲು 60,000 ಆಯಿತೆನ್ನಿ. ಆಗ ಅಳುಕು ಮೂರು ಕಿಲೋ ದಾಟುತ್ತದೆ. ಅದೂ ಹಿನ್ನೆಲೆ ಕದಲದೆ ನಿಂತರೆ ಮಾತ್ರ. ಅದು ನಿಲ್ಲುವುದಿಲ್ಲ. ನೆಲದಿಂದ ಏಳುವ ರೇಡಾನ್ ಅನಿಲ ಬೆಳಿಗ್ಗೆ ಒಂದು ತರಹ, ಕಿಟಕಿ ತೆರೆದ ಮೇಲೆ ಇನ್ನೊಂದು ತರಹ. ಹಿನ್ನೆಲೆ ಶೇಕಡಾ 1ರಷ್ಟು ಬದಲಾದರೆ 600 ಎಣಿಕೆ, ಅಂದರೆ 14 ಗ್ರಾಂ ಪೊಟ್ಯಾಶಿಯಂ. ಮನುಷ್ಯ ಅಲುಗಾಡದೆ ಮಲಗಿರುವಾಗಲೇ ಅವನ ಮೈಗೆ ಐದು ಕಿಲೋ ಮಾಂಸ ಬಂದಂತಾಯಿತು!

ಹೀಗಾಗಿಯೇ ಉಕ್ಕಿನ ಕೋಣೆ. ಈ ಶಕ್ತಿಯ ಕಿರಣಗಳನ್ನು ಅರ್ಧಕ್ಕಿಳಿಸಲು ಸುಮಾರು ಎರಡು ಸೆಂಟಿಮೀಟರ್ ಉಕ್ಕು ಬೇಕು. ಇಪ್ಪತ್ತು ಸೆಂಟಿಮೀಟರ್ ಗೋಡೆ ಕಟ್ಟಿದರೆ ಹತ್ತು ಸಲ ಅರ್ಧವಾಗಿ, ನೇರವಾಗಿ ಒಳಗೆ ನುಸುಳುವುದು ಸಾವಿರಕ್ಕೆ ಒಂದು. ಒಬ್ಬರು ಮಲಗುವಷ್ಟು ಸಣ್ಣ ಕೋಣೆಗೂ ಮೂವತ್ತು ಟನ್‌ನಷ್ಟು ಉಕ್ಕು ಬೇಕಾಗುತ್ತದೆ. ಯಾವುದೋ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಇಡುವ ವಸ್ತುವಲ್ಲ. ಉಕ್ಕಾದರೂ ಎಂಥದ್ದು? 1945ರ ನಂತರದ ಉಕ್ಕಿನಲ್ಲಿ ಅಣುಬಾಂಬ್ ಪರೀಕ್ಷೆಗಳ ಧೂಳಿನಿಂದ ಬಂದ ವಿಕಿರಣದ ಸೋಂಕಿರಬಹುದು. ಕುಲುಮೆಯ ಒಳಗೋಡೆಯ ಸವೆತ ತಿಳಿಯಲು ಇಟ್ಟ ಕೋಬಾಲ್ಟ್-60 ಕೂಡ ಉಕ್ಕಿಗೆ ಬೆರೆತಿರಬಹುದು. ಅದರ ಒಂದು ಕಿರಣದ ಶಕ್ತಿ 1.33 ಎಂಇವಿ, ನಮ್ಮ 1.46ರ ಪಕ್ಕದ ಮನೆ. ಹಾಗಾಗಿ ಇಂಥ ಕೋಣೆಗಳಿಗೆ ಹಳೆಯ ಯುದ್ಧನೌಕೆಗಳ ಉಕ್ಕನ್ನು ಹುಡುಕಿ ತಂದದ್ದುಂಟು.

ಅಷ್ಟಾದರೂ ಕಳ್ಳ ಒಳಗೇ ಇರಬಹುದು. ಸೋಡಿಯಂ ಮತ್ತು ಪೊಟ್ಯಾಶಿಯಂ ರಸಾಯನಶಾಸ್ತ್ರದಲ್ಲಿ ದಾಯಾದಿಗಳು. ಸೋಡಿಯಂ ಅಯೊಡೈಡ್ ಹರಳನ್ನು ಬೆಳೆಸುವಾಗ ಪೊಟ್ಯಾಶಿಯಂ ತಾನಾಗಿ ಸೇರಿಕೊಳ್ಳುತ್ತದೆ, ಕೊಳವೆಯ ಗಾಜಿನಲ್ಲೂ ಅದೇ ಕಥೆ. ಎರಡನ್ನೂ ಪೊಟ್ಯಾಶಿಯಂ ಕಡಿಮೆ ಇರುವಂತೆ ವಿಶೇಷವಾಗಿ ಮಾಡಿಸಬೇಕು. ಮಲಗುವವರು ಸ್ನಾನ ಮಾಡಿ, ಅಲ್ಲಿ ಕೊಟ್ಟ ಬಟ್ಟೆಯನ್ನೇ ಉಡಬೇಕು, ಏಕೆಂದರೆ ರೇಡಾನಿನ ಮರಿಗಳು ತಲೆಗೂದಲು, ಬಟ್ಟೆಗೆ ಅಂಟಿಕೊಂಡು ಬರುತ್ತವೆ. ಬೆಳಿಗ್ಗೆ ತಿಂದ ಬಾಳೆಹಣ್ಣಿನಿಂದ ಮಾತ್ರ ಅಷ್ಟೇನೂ ಆಗುವುದಿಲ್ಲ. ಅದರಲ್ಲಿರುವುದು ಅರ್ಧ ಗ್ರಾಂಗೂ ಕಡಿಮೆ.

ಇನ್ನೊಂದು ಕಷ್ಟ ದಪ್ಪಗಿರುವವರದು. ಹನ್ನೆರಡು ಸೆಂಟಿಮೀಟರ್‌ನಷ್ಟು ಮೈ ದಾಟುವುದರಲ್ಲಿ ಈ ಕಿರಣಗಳಲ್ಲಿ ಅರ್ಧದಷ್ಟು ಚದುರಿಹೋಗುತ್ತವೆ. ದಪ್ಪ ಮೈಯಿಂದ ಕಡಿಮೆ ಕಿರಣ ಹೊರಬಂದು, ಪೊಟ್ಯಾಶಿಯಂ ಕಡಿಮೆ ಇದ್ದಂತೆ, ಕೊಬ್ಬು ಇನ್ನೂ ಹೆಚ್ಚಿದ್ದಂತೆ ಕಾಣುತ್ತದೆ. ಹಿಂದೆ ಇದನ್ನು ತಿದ್ದಲು ಹನ್ನೆರಡು ಗಂಟೆಯಲ್ಲಿ ಅರ್ಧ ಕರಗುವ ಪೊಟ್ಯಾಶಿಯಂ-42 ಅನ್ನು ಗೊತ್ತಾದ ಪ್ರಮಾಣದಲ್ಲಿ ಕೊಟ್ಟು, ಅದರಲ್ಲಿ ಎಷ್ಟು ಪಾಲು ಎಣಿಕೆಗೆ ಸಿಕ್ಕಿತೆಂದು ನೋಡುತ್ತಿದ್ದರು. ಈಗ ಬೇರೆ ಬೇರೆ ಗಾತ್ರದ ಬೊಂಬೆಗಳಿಂದ ಆ ತಿದ್ದುಪಡಿ ಕಂಡುಕೊಳ್ಳುತ್ತಾರೆ.

ನಮ್ಮಲ್ಲಿ ಕೈಗಾ ಸೇರಿದಂತೆ ಅಣುವಿದ್ಯುತ್ ಸ್ಥಾವರಗಳಲ್ಲಿ ಮೈ ಎಣಿಸುವ ಯಂತ್ರಗಳಿವೆ. ಅಲ್ಲಿ ಹುಡುಕುವುದು ಸೀಸಿಯಂ, ಕೋಬಾಲ್ಟ್ ಮೈ ಸೇರಿದೆಯೇ ಎಂದು. ಪೊಟ್ಯಾಶಿಯಂ ಎಲ್ಲರಲ್ಲೂ ಕಾಣುತ್ತದೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಪೊಟ್ಯಾಶಿಯಂಗೆಂದೇ ಯಂತ್ರ ಕಟ್ಟಿದವರು ಬೆಂಗಳೂರಿನ ಸೇಂಟ್ ಜಾನ್ಸ್‌ನ ಅನುರಾ ಕುರ್ಪಾಡ್ ಮತ್ತು ಸಂಗಡಿಗರು. ಅದರ ವಿವರ 2018ರಲ್ಲಿ ಪ್ರಕಟವಾಯಿತು. ಮರುವರ್ಷ ಅದೇ ಯಂತ್ರದಿಂದ ಭಾರತದ ಗರ್ಭಿಣಿಯರಿಗೆ ಎಷ್ಟು ಪ್ರೋಟೀನ್ ಬೇಕೆಂಬ ಅಧ್ಯಯನ ಹೊರಬಂತು. ಗರ್ಭಿಣಿಯರಿಗೆ ಎಕ್ಸ್-ರೇ ಹಾಯಿಸಲು ಎಲ್ಲರೂ ಹಿಂಜರಿಯುತ್ತಾರೆ. ಇಲ್ಲಿ ಯಂತ್ರ ಮೈಗೆ ಏನನ್ನೂ ಹಾಯಿಸುವುದಿಲ್ಲ, ಮೈ ಬಿಟ್ಟದ್ದನ್ನು ಎಣಿಸುತ್ತದೆ. ತಿಂಗಳು ತುಂಬಿದಂತೆ ಹೆಚ್ಚುವ ತೂಕದಲ್ಲಿ ನೀರೆಷ್ಟು, ಹೊಸ ಜೀವಕೋಶ ಎಷ್ಟು ಎಂದು ಬೇರ್ಪಡಿಸಲು ಪೊಟ್ಯಾಶಿಯಂ ಒಳ್ಳೆಯ ಸಾಕ್ಷಿ. ಕಾಲು ಊದಿಕೊಂಡಾಗ ಕೂಡುವ ನೀರು ಕೋಶದ ಹೊರಗಿನದು, ಅದರಲ್ಲಿ ಪೊಟ್ಯಾಶಿಯಂ ಅತ್ಯಲ್ಪ.

ಈಗ ಆ ಶವಗಳ ಮಾತಿಗೆ ಮರಳೋಣ. ಯಂತ್ರ ಹೇಳುವುದು 119 ಗ್ರಾಂ ಎಂಬಲ್ಲಿಗೆ ಮುಗಿಯಿತು. ಕಿಲೋ ಲೆಕ್ಕ ಭಾಜಕದ ಮೇಲೆ ನಿಂತಿದೆ. ಹೆಂಗಸರಲ್ಲಿ ಅದು ಸುಮಾರು 2.5, ವಯಸ್ಸಾದಂತೆ ಸ್ನಾಯು ಸವೆದು ಇಳಿಯುತ್ತದೆ, ತೀವ್ರ ಅಪೌಷ್ಟಿಕತೆಯಲ್ಲೂ ಬದಲಾಗುತ್ತದೆ. ಅದೇ 119 ಗ್ರಾಂ ಹೆಂಗಸೊಬ್ಬರಲ್ಲಿ ಸಿಕ್ಕಿದ್ದರೆ ಕೊಬ್ಬು ಬಿಟ್ಟ ತೂಕ 47.6 ಕಿಲೋ, ಸುಮಾರು ಮೂರು ಕಿಲೋ ವ್ಯತ್ಯಾಸ. ಹಾಗಾಗಿ ಒಮ್ಮೆ ಎಣಿಸಿ ‘ನಿಮ್ಮ ಕೊಬ್ಬು ಇಷ್ಟು’ ಎನ್ನುವುದಕ್ಕಿಂತ, ಒಬ್ಬರನ್ನೇ ಮತ್ತೆ ಮತ್ತೆ ಎಣಿಸಿ ಪೊಟ್ಯಾಶಿಯಂ ಏರಿತೇ ಇಳಿಯಿತೇ ಎಂದು ನೋಡುವುದರಲ್ಲೇ ಈ ವಿಧಾನದ ಬಲವಿದೆ ಎಂಬುದು ನನ್ನ ಅಭಿಪ್ರಾಯ.

ಜಿಮ್‌ನಲ್ಲಿ ಬರಿಗಾಲಲ್ಲಿ ನಿಂತ ಹತ್ತೇ ಸೆಕೆಂಡಿಗೆ ಕೊಬ್ಬು ಶೇಕಡಾ 28.3 ಎಂದು ಚೀಟಿ ಬಂದರೆ, ಚುಕ್ಕಿಯ ಬಲಗಡೆಯ 3 ಅನ್ನು ನಾನಂತೂ ನಂಬುವುದಿಲ್ಲ. ಮೂವತ್ತು ಟನ್ ಉಕ್ಕಿನ ನಡುವೆ ಅರ್ಧ ಗಂಟೆ ಎಣಿಸಿದ ಮೇಲೂ ನಮ್ಮ 62 ಕಿಲೋ ಗಂಡಸಿನ ಕೊಬ್ಬಿನ ಅಂಕಿ ಶೇಕಡಾ ಒಂದೂವರೆಯಷ್ಟು ಆಚೀಚೆ ಓಡಾಡುತ್ತಿತ್ತು.